ಟೀಸರ್ ಸ್ಕ್ರಿಪ್ಟ್: ಮೊದಲು ಮೌನಕ್ಕೆ ಜಾಗ, ಆಮೇಲೆ ಮಾತು

ಹೊಸ ಉತ್ಪನ್ನ ಬರುತ್ತಿದೆ, ಮೂವತ್ತು ಸೆಕೆಂಡಿನ ಟೀಸರ್ ಬೇಕು ಅಂದ ತಕ್ಷಣ ಹೆಚ್ಚಿನವರು ಸಾಲು ಬರೆಯಲು ಕೂರುತ್ತಾರೆ. ಚುರುಕಾದ ಹತ್ತು ಸಾಲು ಸಿದ್ಧವಾಗುತ್ತವೆ. ಆಮೇಲೆ ಅದಕ್ಕೊಂದು ಮ್ಯೂಸಿಕ್ ಹುಡುಕುತ್ತಾರೆ. ಎಡಿಟಿಂಗ್‌ಗೆ ಕೂತಾಗ ಗೊತ್ತಾಗುತ್ತದೆ, ಧ್ವನಿ ಶುರುವಾದದ್ದು ಮುಗಿಯುವವರೆಗೂ ನಿಲ್ಲುವುದೇ ಇಲ್ಲ. ಮ್ಯೂಸಿಕ್ ಹಿಂದೆಲ್ಲೋ ಸುಮ್ನೆ ಗುಂಯ್ ಅನ್ನುತ್ತಿರುತ್ತದೆ. ಪ್ರತಿ ಸಾಲೂ ಚೆನ್ನಾಗಿದೆ, ಆದರೆ ಒಂದೂ ನೆನಪಲ್ಲಿ ಉಳಿಯುವುದಿಲ್ಲ.

ನಾನು ಇದನ್ನು ತಿರುಗಿಸಿ ಮಾಡುತ್ತೇನೆ. ಮೊದಲು ಮ್ಯೂಸಿಕ್‌ನ ಅಳತೆ, ಅದರೊಳಗೆ ಮೌನಕ್ಕೆ ಜಾಗ, ಉಳಿದದ್ದರಲ್ಲಿ ಮಾತು. ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಮಾಡಿ ತೋರಿಸುತ್ತೇನೆ. ಉತ್ಪನ್ನ: ಮಡಚುವ ಸೈಕಲ್. ಅವಧಿ: 30 ಸೆಕೆಂಡು.

ಏನನ್ನು ಬಚ್ಚಿಡುತ್ತೀರಿ?

ಟೀಸರ್ ಉತ್ಪನ್ನದ ಪರಿಚಯ ಮಾಡಿಕೊಡಬೇಕಿಲ್ಲ. ಬೆಲೆ, ತೂಕ, ಗೇರ್ ಎಷ್ಟು ಅನ್ನುವುದಕ್ಕೆಲ್ಲ ಬಿಡುಗಡೆಯ ದಿನದ ವಿಡಿಯೋ ಇದೆ. ಟೀಸರ್ ಒಂದೇ ಒಂದು ವಿಷಯವನ್ನು ಬಚ್ಚಿಟ್ಟು, ಅದರ ಸುತ್ತ ಕುತೂಹಲ ಕಟ್ಟಬೇಕು. ಹಾಗಾಗಿ ಮೊದಲ ಕೆಲಸ, ಆ ಒಂದು ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳುವುದು.

ನಮ್ಮ ಸೈಕಲ್‌ಗೆ ನಾನು ಬರೆದುಕೊಂಡದ್ದು ಇಷ್ಟು: "ಇದು ಮಡಚಿ ಮೇಜಿನ ಕೆಳಗೆ ಹೋಗುತ್ತದೆ ಅನ್ನುವುದು ಕೊನೆಯವರೆಗೂ ಗೊತ್ತಾಗಬಾರದು." ಸೈಕಲ್ ಅನ್ನುವುದು ಗೊತ್ತಾದರೆ ಪರವಾಗಿಲ್ಲ. ಮಡಚುತ್ತದೆ ಅನ್ನುವುದು ಗೊತ್ತಾಗಬಾರದು. ಈ ಒಂದು ತೀರ್ಮಾನದಿಂದಲೇ ಮುಂದಿನ ಅರ್ಧ ಕೆಲಸ ತಾನಾಗಿ ಆಗುತ್ತದೆ. "ಹಗುರ. ಗಟ್ಟಿ. ಚೆಂದ." ಅಂತ ಮೂರು ಗುಣವಾಚಕ ಸಾಲಾಗಿ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಆ ಮೂರು ಪದ ಕುರ್ಚಿಗೂ ಸಲ್ಲುತ್ತವೆ, ಫೋನಿಗೂ ಸಲ್ಲುತ್ತವೆ. ಬಚ್ಚಿಟ್ಟ ವಿಷಯಕ್ಕೂ ಅವಕ್ಕೂ ಏನೂ ಸಂಬಂಧವಿಲ್ಲ, ಹಾಗಾಗಿ ಹೊರಗೆ.

ಮ್ಯೂಸಿಕ್‌ನ ಅಳತೆಪಟ್ಟಿ ಹಾಕಿಕೊಳ್ಳಿ

ಮ್ಯೂಸಿಕ್‌ನ ವೇಗವನ್ನು ಬಿಪಿಎಂನಲ್ಲಿ ಹೇಳುತ್ತಾರೆ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅಂತ. 60 ಅನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟ್ ಎಷ್ಟು ಸೆಕೆಂಡು ಅಂತ ಸಿಗುತ್ತದೆ. ಸಾಮಾನ್ಯವಾಗಿ ನಾಲ್ಕು ಬೀಟ್ ಸೇರಿದರೆ ಒಂದು ಬಾರ್, ತಾಳದಲ್ಲಿ ಒಂದು ಆವರ್ತ ಇದ್ದ ಹಾಗೆ. 120 ಬಿಪಿಎಂ ಆದರೆ ಬೀಟ್ ಅರ್ಧ ಸೆಕೆಂಡು, ಬಾರ್ 2 ಸೆಕೆಂಡು, 30 ಸೆಕೆಂಡಿಗೆ 15 ಬಾರ್.

ನಾನು ಈ ಕೆಲಸಕ್ಕೆ 96 ಬಿಪಿಎಂ ಆರಿಸಿಕೊಂಡೆ. ಬೀಟ್ 0.625 ಸೆಕೆಂಡು, ಬಾರ್ 2.5 ಸೆಕೆಂಡು, 30 ಸೆಕೆಂಡಿಗೆ ಸರಿಯಾಗಿ 12 ಬಾರ್. ಇನ್ನೊಂದು ಅನುಕೂಲವೂ ಇದೆ. ವಿಡಿಯೋ ಸೆಕೆಂಡಿಗೆ 24 ಫ್ರೇಮ್ ಇದ್ದರೆ ಒಂದು ಬೀಟ್‌ಗೆ ನಿಖರವಾಗಿ 15 ಫ್ರೇಮ್ ಬರುತ್ತದೆ, ಕಟ್ ಬೀಟಿನ ಮೇಲೇ ಬೀಳುತ್ತದೆ. 25 ಫ್ರೇಮಿನ ವಿಡಿಯೋ ಆದರೆ 100 ಬಿಪಿಎಂಗೆ ಇದೇ ಲೆಕ್ಕ ಸಿಗುತ್ತದೆ. ಲೆಕ್ಕ ಕೂಡದಿದ್ದರೆ ಆಕಾಶವೇನೂ ಬೀಳುವುದಿಲ್ಲ, ಆದರೆ ಎಡಿಟರ್‌ಗೆ ಪ್ರತಿ ಕಟ್‌ನಲ್ಲೂ ಒಂದು ಫ್ರೇಮ್ ಆಚೆ ಈಚೆ ಎಳೆಯುವ ತಲೆನೋವು.

ಹಾಳೆಯ ಮೇಲೆ 12 ಚೌಕ ಎಳೆಯಿರಿ. ಪ್ರತಿ ಚೌಕ ಒಂದು ಬಾರ್. ಇನ್ನು ಮುಂದೆ ಸೆಕೆಂಡಿನಲ್ಲಿ ಯೋಚಿಸಬೇಡಿ, ಬಾರ್‌ನಲ್ಲಿ ಯೋಚಿಸಿ. ಮ್ಯೂಸಿಕ್ ಇನ್ನೂ ಸಿದ್ಧವಾಗಿಲ್ಲ ಅಂದರೂ ಪರವಾಗಿಲ್ಲ. ವೇಗ ಮತ್ತು ಬಾರ್‌ಗಳ ಸಂಖ್ಯೆ ಮೊದಲೇ ಗೊತ್ತಾಗಿದ್ದರೆ ಸಂಗೀತ ಮಾಡುವವರಿಗೂ ಖುಷಿ.

ಮೌನವನ್ನು ಮೊದಲು ಇಡಿ

ಟೀಸರ್‌ನಲ್ಲಿ ಮೌನ ಎರಡು ಬಗೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದ ಬಹಳ ಗೊಂದಲವಾಗುತ್ತದೆ.

ಮೊದಲನೆಯದು ಮಾತಿನ ಮೌನ. ಧ್ವನಿ ಇಲ್ಲ, ಪರದೆಯ ಮೇಲೆ ಅಕ್ಷರವೂ ಇಲ್ಲ, ಮ್ಯೂಸಿಕ್ ಮಾತ್ರ ನಡೆಯುತ್ತಿರುತ್ತದೆ. ಇದು ಜಾಸ್ತಿ ಇರಬೇಕು. ನನ್ನ ಲೆಕ್ಕದಲ್ಲಿ 12 ಬಾರ್‌ನಲ್ಲಿ ಮಾತು ಬರುವುದು ಮೂರು, ಹೆಚ್ಚೆಂದರೆ ನಾಲ್ಕು ಬಾರ್‌ನಲ್ಲಿ. ಉಳಿದದ್ದೆಲ್ಲ ಮ್ಯೂಸಿಕ್‌ಗೆ.

ಎರಡನೆಯದು ಮ್ಯೂಸಿಕ್ಕೇ ನಿಲ್ಲುವ ಮೌನ. ಇದು ಇಡೀ ಟೀಸರ್‌ಗೆ ಒಂದೇ ಸಲ. ಎರಡು ಸಲ ನಿಲ್ಲಿಸಿದರೆ ಎರಡನೇ ಸಲ ಯಾರೂ ಬೆಚ್ಚುವುದಿಲ್ಲ.

ಮ್ಯೂಸಿಕ್ ನಿಂತಾಗ ಕೇಳುವವರ ಒಳಗೆ ತಾಳ ನಿಲ್ಲುವುದಿಲ್ಲ. ಕಾಲು ಅಲ್ಲಾಡುತ್ತಲೇ ಇರುತ್ತದೆ, ಲೆಕ್ಕ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಮೌನಕ್ಕೂ ಬಾರ್ ಇದೆ. ಅದು ಬಾರ್‌ನ ಮೊದಲ ಬೀಟಿನಲ್ಲಿ ಶುರುವಾಗಿ, ಒಂದೋ ಎರಡೋ ಬಾರ್ ಪೂರ್ತಿ ಇದ್ದು, ಮತ್ತೆ ಮೊದಲ ಬೀಟಿನಲ್ಲಿ ಮುಗಿಯಬೇಕು. ಆಗ ಮರಳಿ ಬರುವ ಮ್ಯೂಸಿಕ್ ಒಳಗಿನ ಲೆಕ್ಕಕ್ಕೆ ಸರಿಯಾಗಿ ಬಂದು ಕೂರುತ್ತದೆ. ಬಾರ್‌ನ ನಡುವೆ ಎಲ್ಲೋ ಕತ್ತರಿಸಿ ಎಲ್ಲೋ ಶುರು ಮಾಡಿದರೆ, ನೋಡುವವರಿಗೆ ಅದು ವಿಡಿಯೋ ತಡವರಿಸಿದ ಹಾಗೆ ಕಾಣುತ್ತದೆ.

ಎಲ್ಲಿ ಇಡೋದು? ಮೂರನೇ ಎರಡು ಭಾಗ ಕಳೆಯುವ ಹೊತ್ತಿಗೆ. ಮೊದಲೇ ಇಟ್ಟರೆ ನಿಲ್ಲಿಸಲು ಇನ್ನೂ ಏನೂ ಕಟ್ಟಿರುವುದಿಲ್ಲ. ತೀರಾ ಕೊನೆಗೆ ಇಟ್ಟರೆ ಟೀಸರ್ ಮುಗಿಯಿತು ಅಂತ ಜನ ಬೆರಳು ಸರಿಸಿ ಮುಂದೆ ಹೋಗುತ್ತಾರೆ. ನಾನು 8 ಮತ್ತು 9ನೇ ಬಾರ್ ಕೊಟ್ಟೆ. ಅಂದರೆ 17.5ನೇ ಸೆಕೆಂಡಿನಿಂದ 22.5ರವರೆಗೆ.

ಐದು ಸೆಕೆಂಡು ಪೂರ್ತಿ ನಿಶ್ಶಬ್ದವಾಗಿದ್ದರೆ ಫೋನ್ ಕೆಟ್ಟಿತಾ ಅಂತ ಅನುಮಾನ ಬರುತ್ತದೆ. ನನ್ನ ಪ್ರಕಾರ ಎರಡು ಸೆಕೆಂಡಿಗಿಂತ ಜಾಸ್ತಿ ಏನೂ ಕೇಳಿಸದೆ ಬಿಡಬಾರದು. ಅದಕ್ಕೆ ಮೌನದ ಒಳಗೆ ಒಂದು ಸಣ್ಣ ಶಬ್ದ ಇಡಿ, ಉತ್ಪನ್ನದ್ದೇ ಶಬ್ದ. ನಮ್ಮ ಸೈಕಲ್‌ನಲ್ಲಿ ಅದು ಕೈಗೆ ಸಿಕ್ಕಂತೆಯೇ ಇದೆ: ಕೀಲು ಮಡಚಿ ಲಾಕ್ ಆಗುವಾಗಿನ "ಕ್ಲಿಕ್". ಅಲ್ಲಿಯವರೆಗೆ ಮ್ಯೂಸಿಕ್ ಜೋರಾಗಿದ್ದರೆ ಆ ಪುಟ್ಟ ಕ್ಲಿಕ್ ಇಡೀ ಟೀಸರ್‌ನ ಅತಿ ದೊಡ್ಡ ಶಬ್ದದ ಹಾಗೆ ಕೇಳಿಸುತ್ತದೆ.

ಸಾಲುಗಳಿಗೆ ಅಕ್ಷರ ಎಣಿಸಿ

ಪದ ಎಣಿಸುವ ಲೆಕ್ಕ ಕನ್ನಡದಲ್ಲಿ ಕೈಕೊಡುತ್ತದೆ. ಪ್ರತ್ಯಯ ಅಂಟಿಕೊಂಡು ಪದ ಉದ್ದವಾಗುತ್ತಾ ಹೋಗುತ್ತದೆ. ಈ ಸಾಲು ನೋಡಿ: "ನಿಮ್ಮ ಪ್ರತಿದಿನದ ಪ್ರಯಾಣವನ್ನು ಇನ್ನಷ್ಟು ಸುಲಭಗೊಳಿಸುತ್ತದೆ." ಐದೇ ಪದ. ಆದರೆ ಅಕ್ಷರ 23. ಟೀಸರ್‌ನ ನಿಧಾನದ ಓದಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಅಂದುಕೊಂಡರೆ ಸುಮಾರು ಐದು ಸೆಕೆಂಡು ಬೇಕು. ಎರಡು ಬಾರ್ ಪೂರ್ತಿ ನುಂಗಿಬಿಡುತ್ತದೆ. ಓದುವವರ ಧಾಟಿ ಬೇರೆ ಇರಬಹುದು, ಹಾಗಾಗಿ ಸ್ಟಾಪ್‌ವಾಚ್ ಹಿಡಿದು ಒಮ್ಮೆ ಅಳೆದುಕೊಳ್ಳಿ.

ಮಾತನ್ನು ಬಾರ್‌ನ ಮೊದಲ ಬೀಟಿನಲ್ಲಿ ಶುರು ಮಾಡಬೇಡಿ. ಅಲ್ಲಿ ಡ್ರಮ್ಮಿನ ಪೆಟ್ಟು ಬೀಳುತ್ತದೆ, ಮೊದಲ ಅಕ್ಷರ ಅದರಡಿ ಮುಚ್ಚಿಹೋಗುತ್ತದೆ. ಎರಡನೇ ಬೀಟಿನಿಂದ ಶುರು ಮಾಡಿ, ಮುಂದಿನ ಬಾರ್ ಬರುವಷ್ಟರಲ್ಲಿ ಮುಗಿಸಿ. ಅಂದರೆ 96 ಬಿಪಿಎಂನಲ್ಲಿ ನಿಮಗೆ ಸಿಗುವುದು ಮೂರು ಬೀಟ್, 1.875 ಸೆಕೆಂಡು. ಏಳು ಅಕ್ಷರ ಹಿಡಿಸುತ್ತದೆ. ಎಂಟು ಕಷ್ಟ. ಒಂಬತ್ತಾದರೆ ಸಾಲಿನ ಬಾಲ ಮುಂದಿನ ಪೆಟ್ಟಿಗೆ ಸಿಕ್ಕಿಕೊಳ್ಳಬಹುದು.

ಏಳು ಅಕ್ಷರದಲ್ಲಿ ಏನು ಹೇಳೋದು ಅಂತ ಅನ್ನಿಸುತ್ತದೆ ಅಲ್ವಾ? ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಸುತ್ತದೆ", "ಆಗಿದೆ", "ಬಹುದಾಗಿದೆ" ಅಂತ ಮುಗಿಯುವ ಸಾಲಿನಲ್ಲಿ ಕೊನೆಯ ಮೂರ್ನಾಲ್ಕು ಅಕ್ಷರಕ್ಕೆ ತೂಕವೇ ಇರುವುದಿಲ್ಲ, ಓದುವವರ ಧ್ವನಿ ಅಲ್ಲಿ ಇಳಿದು ಕರಗುತ್ತದೆ. ಚುರುಕು ಸಾಲಿಗೆ ಬೇಕಾದದ್ದು ಇದರ ವಿರುದ್ಧ, ಕೊನೆಯ ಪದವೇ ಭಾರವಾಗಿರಬೇಕು. ಅದೃಷ್ಟಕ್ಕೆ ನಮ್ಮಲ್ಲಿ ಕ್ರಿಯಾಪದವೇ ಇಲ್ಲದೆ ವಾಕ್ಯ ನಿಲ್ಲುತ್ತದೆ. "ಓಡಿಸುವುದು ಸುಲಭವಾಗಿದೆ" ಅನ್ನುವುದನ್ನು "ಓಡಿಸೋದು ಸುಲಭ" ಅಂದರೆ ಅರ್ಥ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಏಳು ಅಕ್ಷರ, ಕೊನೆಗೆ ಬೇಕಾದ ಪದ.

ಮಾತಿನ ರೂಪ ಬಳಸಲು ಹಿಂಜರಿಯಬೇಡಿ. "ಓಡಿಸುವುದು" ಕಾಗದದ ಮೇಲೆ ಚೆಂದ, ಮೈಕ್ ಮುಂದೆ ಒಂದು ಅಕ್ಷರ ಹೆಚ್ಚು. ಹಾಗಂತ ಎಲ್ಲವನ್ನೂ ಕತ್ತರಿಸಿ ಒಂಟಿ ಪದಗಳನ್ನಾಗಿ ಮಾಡಬೇಡಿ. ಒಂದರ ಹಿಂದೆ ಒಂದು ಒಂಟಿ ಪದ ಬಂದರೆ ಸಾಮಾನಿನ ಪಟ್ಟಿ ಓದಿದ ಹಾಗಾಗುತ್ತದೆ.

ನಮ್ಮ ಸೈಕಲ್‌ಗೆ ಕೊನೆಗೆ ಉಳಿದದ್ದು ಮೂರೇ ಸಾಲು:

ಓಡಿಸೋದು ಸುಲಭ.
ಇಡೋದೆಲ್ಲಿ?
ಇಲ್ಲಿ.

ಒಟ್ಟು 13 ಅಕ್ಷರ. ಮೊದಲ ಸಾಲು ಎಲ್ಲರೂ ಒಪ್ಪುವ ಮಾತು. ಎರಡನೆಯದು ಸೈಕಲ್ ಇರುವ ಎಲ್ಲರ ಪ್ರಶ್ನೆ. ಮೂರನೆಯದು ಉತ್ತರ, ಆದರೆ ಅದು ಬರುವುದು ಹತ್ತು ಸೆಕೆಂಡು ಬಿಟ್ಟು. "ಎಲ್ಲಿ" ಮತ್ತು "ಇಲ್ಲಿ" ಪ್ರಾಸವಾಗಿರುವುದರಿಂದ ನಡುವೆ ಅಷ್ಟು ಹೊತ್ತು ಕಳೆದರೂ ಕಿವಿ ಎರಡನ್ನೂ ಜೋಡಿಸಿಕೊಳ್ಳುತ್ತದೆ. ಎರಡರಲ್ಲೂ "ಲ್ಲಿ" ಒತ್ತಿ ನಿಲ್ಲುತ್ತದೆ, ಹಾಗಾಗಿ ಸಾಲು ಮುಗಿದದ್ದು ಗಟ್ಟಿಯಾಗಿ ಗೊತ್ತಾಗುತ್ತದೆ.

ಸ್ಕ್ರಿಪ್ಟ್ ಬರೆಯುವ ರೀತಿ

ಈಗ ಬರೆಯಿರಿ. ಪ್ರತಿ ಬಾರ್‌ಗೂ ಚಿತ್ರ ಮತ್ತು ಮಾತು ಇರಬೇಕು, ಮ್ಯೂಸಿಕ್ ಬದಲಾದರೆ ಅದೂ ಇರಬೇಕು. ಮಾತು ಇಲ್ಲದ ಕಡೆ "ಮಾತಿಲ್ಲ" ಅಂತಲೇ ಬರೆಯಬೇಕು. ಖಾಲಿ ಬಿಟ್ಟರೆ ಬರೆಯಲು ಮರೆತಿದ್ದಾರೆ ಅಂತ ಯಾರೋ ತುಂಬಿಸುತ್ತಾರೆ.

ಬಾರ್ 1–2 (0 ಸೆ.): ತಿರುಗುವ ಚಕ್ರ, ತೀರಾ ಹತ್ತಿರದಿಂದ. ಬೀದಿ ದೀಪದ ಬೆಳಕು ಕಡ್ಡಿಗಳ ಮೇಲೆ ಓಡುತ್ತದೆ. ಮ್ಯೂಸಿಕ್: ಬರೀ ಕೆಳದನಿಯ ಬೀಟ್. ಮಾತಿಲ್ಲ.

ಬಾರ್ 3 (5 ಸೆ.): ಪೆಡಲ್ ಮೇಲೆ ಕಾಲು. ಎರಡನೇ ಬೀಟಿಗೆ ಧ್ವನಿ: "ಓಡಿಸೋದು ಸುಲಭ."

ಬಾರ್ 4 (7.5 ಸೆ.): ಚಕ್ರ ನಿಲ್ಲುತ್ತದೆ. ಎದುರಿಗೆ ಕಿರಿದಾದ ಮೆಟ್ಟಿಲು. ಮ್ಯೂಸಿಕ್‌ಗೆ ಇನ್ನೊಂದು ವಾದ್ಯ ಸೇರುತ್ತದೆ. ಮಾತಿಲ್ಲ.

ಬಾರ್ 5 (10 ಸೆ.): ಮೆಟ್ಟಿಲನ್ನು ನೋಡುತ್ತಿರುವ ಸವಾರನ ಬೆನ್ನು. ಎರಡನೇ ಬೀಟಿಗೆ ಧ್ವನಿ: "ಇಡೋದೆಲ್ಲಿ?"

ಬಾರ್ 6–7 (12.5 ಸೆ.): ಪ್ರತಿ ಎರಡು ಬೀಟಿಗೆ ಒಂದು ಕಟ್. ಮುಚ್ಚಿಕೊಳ್ಳುವ ಲಿಫ್ಟ್ ಬಾಗಿಲು, ಇಕ್ಕಟ್ಟಾದ ಓಣಿ, ಸಾಮಾನು ತುಂಬಿದ ಮೂಲೆ, ಮುಚ್ಚಿದ ಬಾಗಿಲು. ಮ್ಯೂಸಿಕ್ ಏರುತ್ತಾ ಹೋಗುತ್ತದೆ. ಮಾತಿಲ್ಲ.

ಬಾರ್ 8 (17.5 ಸೆ.): ಮೊದಲ ಬೀಟಿಗೆ ಮ್ಯೂಸಿಕ್ ಪೂರ್ತಿ ಕಟ್. ಪರದೆ ಕಪ್ಪು. ಕೋಣೆಯ ಸದ್ದು ಮಾತ್ರ. ಮೂರನೇ ಬೀಟಿಗೆ (18.75 ಸೆ.) ಕ್ಲಿಕ್. ಮಾತಿಲ್ಲ.

ಬಾರ್ 9 (20 ಸೆ.): ಮೇಜಿನ ಕೆಳಗಿನ ಕತ್ತಲು, ಅಲ್ಲಿ ಏನೋ ಇರುವ ಅಂಚು. ಎರಡನೇ ಬೀಟಿಗೆ, ಮ್ಯೂಸಿಕ್ ಇಲ್ಲದೆ, ಧ್ವನಿ: "ಇಲ್ಲಿ." ಆಮೇಲೆ ಬಾರ್ ಮುಗಿಯುವವರೆಗೆ ಮೌನ.

ಬಾರ್ 10 (22.5 ಸೆ.): ಮೊದಲ ಬೀಟಿಗೆ ಮ್ಯೂಸಿಕ್ ಪೂರ್ತಿ ಜೋರಿನಲ್ಲಿ ವಾಪಸ್. ಕೈ ಹಿಡಿಕೆ ಹಿಡಿದು ಎಳೆಯುತ್ತದೆ, ಆಕಾರ ಪೂರ್ತಿ ಕಾಣುವ ಮೊದಲೇ ಕಟ್. ಮಾತಿಲ್ಲ.

ಬಾರ್ 11 (25 ಸೆ.): ಹೆಸರು, ಬಿಡುಗಡೆಯ ದಿನಾಂಕ. ಅಕ್ಷರದಲ್ಲಿ ಮಾತ್ರ, ಓದುವುದು ಬೇಡ.

ಬಾರ್ 12 (27.5 ಸೆ.): ಅಕ್ಷರ ಹಾಗೇ ಇರುತ್ತದೆ. ಮ್ಯೂಸಿಕ್ ಕರಗುತ್ತದೆ. ಕೊನೆಯ ಬೀಟಿಗೆ ಸೈಕಲ್ ಬೆಲ್ ಒಂದು ಸಲ. ಮಾತಿಲ್ಲ.

ಎಂಟನೇ ಬಾರ್‌ನಲ್ಲಿ "ಕೋಣೆಯ ಸದ್ದು" ಅಂತ ಬರೆದದ್ದನ್ನು ಗಮನಿಸಿ. ಆಡಿಯೋ ಟ್ರ್ಯಾಕ್ ಪೂರ್ತಿ ಸೊನ್ನೆಯಾದರೆ ಹೆಡ್‌ಫೋನ್ ಹಾಕಿಕೊಂಡವರಿಗೆ ತಂತಿ ಕಿತ್ತುಹೋದ ಹಾಗೆ ಅನ್ನಿಸುತ್ತದೆ. ಖಾಲಿ ಕೋಣೆಯಲ್ಲಿ ಮೈಕ್ ಇಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡ ಸದ್ದನ್ನು ತೀರಾ ಮೆಲ್ಲಗೆ ಅಲ್ಲಿ ಹಾಕಿದರೆ ಮೌನಕ್ಕೆ ಒಂದು ಜಾಗ ಬರುತ್ತದೆ.

ಕಾಗದದಲ್ಲಿ ಒಪ್ಪಿಸಬೇಡಿ, ಕೇಳಿಸಿ

ಈ ಸ್ಕ್ರಿಪ್ಟಿನ ಮಾತನ್ನಷ್ಟೇ ಮೀಟಿಂಗ್‌ನಲ್ಲಿ ಗಟ್ಟಿಯಾಗಿ ಓದಿದರೆ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. "ಇಷ್ಟೇನಾ?" ಅಂತ ಕೇಳುತ್ತಾರೆ. ಅವರದ್ದು ತಪ್ಪಲ್ಲ, ಓದಿನಲ್ಲಿ ಮೌನ ಕೇಳಿಸುವುದಿಲ್ಲ. ಅದಕ್ಕೆ ಮೊದಲೇ ಒಂದು ಕಚ್ಚಾ ಆಡಿಯೋ ಮಾಡಿ. ಫೋನಿನಲ್ಲಿ ತಾಳ ಹಾಕುವ ಮೆಟ್ರೋನೋಮ್ ಆ್ಯಪ್ 96ಕ್ಕೆ ಇಟ್ಟು, ನಿಮ್ಮದೇ ಧ್ವನಿಯಲ್ಲಿ ಮೂರು ಸಾಲು ಹೇಳಿ ರೆಕಾರ್ಡ್ ಮಾಡಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದೇ ವೇಗದ ಯಾವುದಾದರೂ ತಾತ್ಕಾಲಿಕ ಮ್ಯೂಸಿಕ್ ಮೇಲೆ ಅದನ್ನು ಇಡಿ, ಎಂಟು ಒಂಬತ್ತನೇ ಬಾರ್ ಕತ್ತರಿಸಿ. ಕ್ಲಿಕ್‌ಗೆ ಪೆನ್ನಿನ ಸದ್ದೂ ಆದೀತು. ಈ ತಾತ್ಕಾಲಿಕ ಮ್ಯೂಸಿಕ್ ಒಳಗಿನವರಿಗೆ ಕೇಳಿಸಲು ಮಾತ್ರ. ಹೊರಗೆ ಹೋಗುವುದಕ್ಕೆ ಹಕ್ಕು ಪಡೆದ ಮ್ಯೂಸಿಕ್ಕೇ ಬೇಕು.

ಮೊದಲು ಕಣ್ಣು ಮುಚ್ಚಿ ನೀವೇ ಕೇಳಿ. ಮ್ಯೂಸಿಕ್ ನಿಂತಾಗ ಉಸಿರು ಹಿಡಿದ ಹಾಗಾದರೆ ಸರಿ. "ಏನಾಯ್ತು?" ಅನ್ನಿಸಿದರೆ ಎರಡರಲ್ಲಿ ಒಂದು ಕೆಟ್ಟಿದೆ: ಕಟ್ ಬೀಟಿನ ಮೇಲೆ ಬಿದ್ದಿಲ್ಲ, ಇಲ್ಲವೇ ಆರು ಏಳನೇ ಬಾರ್‌ನಲ್ಲಿ ಮ್ಯೂಸಿಕ್ ಸಾಕಷ್ಟು ಏರಿಲ್ಲ. ಎರಡನೆಯದೇ ಹೆಚ್ಚು ಸಲ ಕಾರಣ. ಸಮತಟ್ಟಾಗಿ ಹೋಗುತ್ತಿದ್ದದ್ದು ನಿಂತರೆ ಯಾರಿಗೂ ಏನೂ ಕಳೆದುಕೊಂಡ ಹಾಗೆ ಅನ್ನಿಸುವುದಿಲ್ಲ.

ಮೌನ ಕಳೆದುಹೋಗುವ ಜಾಗಗಳು

ಸ್ಕ್ರಿಪ್ಟ್ ಒಪ್ಪಿಗೆಯಾದ ಮೇಲೂ ಮೌನ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಸಂಗೀತ ಮಾಡುವವರು "ಪೂರ್ತಿ ಖಾಲಿ ಯಾಕೆ" ಅಂತ ಅಲ್ಲೊಂದು ಮೆಲುವಾದ ಪ್ಯಾಡ್, ಅಂದರೆ ನಿಲ್ಲದೆ ಎಳೆಯುವ ಸ್ವರ, ಹಾಸುತ್ತಾರೆ. ಕೇಳಲು ಹಿತವಾಗಿರುತ್ತದೆ, ಆದರೆ ಕ್ಲಿಕ್ ಸತ್ತುಹೋಗುತ್ತದೆ. ಇನ್ನೊಂದು ತೊಂದರೆ ಕೊನೆಯ ಪೆಟ್ಟಿನ ಗುಂಗು. ರಿವರ್ಬ್ ಎರಡು ಸೆಕೆಂಡು ಉಳಿದರೆ ಎಂಟನೇ ಬಾರ್ ಬಹುಪಾಲು ಅದಕ್ಕೇ ಹೋಗುತ್ತದೆ, ಮೌನ ಕಾಣಿಸಿಕೊಳ್ಳುವುದೇ ಇಲ್ಲ. ಗುಂಗು ಮೊದಲ ಬೀಟಿನೊಳಗೆ ಅಡಗಬೇಕು ಅಂತ ಬರೆದುಕೊಡಿ. ಜೊತೆಗೆ ಡ್ರಮ್, ಬೇಸ್, ಮೇಲಿನ ವಾದ್ಯಗಳು ಬೇರೆಬೇರೆ ಇರುವ ಸ್ಟೆಮ್ ಫೈಲ್‌ಗಳನ್ನು ಕೇಳಿ. ಆಗ ಮೂರನೇ ಮತ್ತು ಐದನೇ ಬಾರ್‌ನಲ್ಲಿ ಮಾತಿಗೆ ಅಡ್ಡ ಬರುವ ವಾದ್ಯವನ್ನಷ್ಟೇ ತಗ್ಗಿಸಬಹುದು, ಇಡೀ ಮ್ಯೂಸಿಕ್ ಕುಗ್ಗಿಸಬೇಕಿಲ್ಲ.

ಹಣ ಕೊಡುವವರಿಂದ ಬರುವ ಮಾತು ಬೇರೆ: "ಆ ಐದು ಸೆಕೆಂಡಿನಲ್ಲಿ ಒಂದು ವಿಶೇಷತೆ ಹೇಳಬಹುದಲ್ಲ?" ವಾದ ಮಾಡುವುದಕ್ಕಿಂತ ಎರಡೂ ಮಾಡಿ ತೋರಿಸುವುದು ಸುಲಭ. ಕಚ್ಚಾ ಆಡಿಯೋದಲ್ಲಿ ಒಂಬತ್ತನೇ ಬಾರ್‌ಗೆ "ಈಗ ಮಡಚಿ ಇಡಿ" ಅಂತ ಸೇರಿಸಿ ಕೇಳಿಸಿ. ಬಚ್ಚಿಟ್ಟದ್ದು ಬಯಲಾಯಿತು ಅಂತ ಅವರಿಗೇ ಕೇಳಿಸುತ್ತದೆ.

ಧ್ವನಿ ಕೊಡುವವರಿಗೆ "ಇಲ್ಲಿ" ಅನ್ನುವ ಪದ ದೊಡ್ಡ ಆಮಿಷ. ಗಂಭೀರವಾಗಿ, ಎಳೆದು, ಗುಡುಗಿನ ಹಾಗೆ ಹೇಳಲು ಮನಸ್ಸಾಗುತ್ತದೆ. ಕೀಲಿಕೈ ಎಲ್ಲಿದೆ ಅಂತ ಕೇಳಿದವರಿಗೆ ಹೇಳುವಷ್ಟೇ ಸಹಜವಾಗಿ ಹೇಳಲು ಕೇಳಿಕೊಳ್ಳಿ. ಸುತ್ತ ಮೌನ ಇರುವುದರಿಂದ ಭಾರ ತಾನಾಗಿ ಬರುತ್ತದೆ.

ಸದ್ದು ಇಲ್ಲದೆ ನೋಡುವವರಿಗೆ

ಫೋನಿನಲ್ಲಿ ವಿಡಿಯೋ ತಾನಾಗಿ ಓಡುವಾಗ ಹಲವು ಸಲ ಸದ್ದು ಬಂದ್ ಆಗಿರುತ್ತದೆ. ಮೂರು ಸಾಲುಗಳನ್ನೂ ಪರದೆಯ ಮೇಲೆ ಬರೆಯಿರಿ. ಧ್ವನಿ ಮುಗಿದರೂ ಅಕ್ಷರ ಬಾರ್ ಮುಗಿಯುವವರೆಗೆ ಇರಲಿ. ಮೌನವನ್ನು ಕಣ್ಣಿಗೆ ಹೇಗೆ ತೋರಿಸೋದು? ಚಲನೆ ನಿಲ್ಲಿಸಿ. ಆರು ಏಳನೇ ಬಾರ್‌ನಲ್ಲಿ ಕಟ್‌ಗಳು ಚಟಪಟ ಬರುತ್ತಿದ್ದವು, ಎಂಟಕ್ಕೆ ಪರದೆ ಕಪ್ಪು. ಕ್ಲಿಕ್ ಆಗುವ ಕ್ಷಣ ಆ ಕಪ್ಪಿನಲ್ಲಿ ಲೋಹದ ಅಂಚೊಂದು ಒಮ್ಮೆ ಮಿನುಗಿ ಮಾಯವಾಗಲಿ. ಅಷ್ಟು ಸಾಕು.

15 ಸೆಕೆಂಡಿನ ಆವೃತ್ತಿ

ಇದನ್ನೂ ಕೇಳೇ ಕೇಳುತ್ತಾರೆ. ಎಲ್ಲವನ್ನೂ ಅರ್ಧ ಮಾಡಬೇಡಿ. ಸಿಗುವುದು ಆರು ಬಾರ್. ಮೊದಲ ಬಾರ್ ಚಕ್ರ, ಮಾತಿಲ್ಲ. ಎರಡನೇ ಬಾರ್ "ಇಡೋದೆಲ್ಲಿ?" ಮೂರನೆಯದರಲ್ಲಿ ಮ್ಯೂಸಿಕ್ ಏರುತ್ತದೆ. ನಾಲ್ಕನೇ ಬಾರ್ ಮೌನ: ಎರಡನೇ ಬೀಟಿಗೆ ಕ್ಲಿಕ್, ನಾಲ್ಕನೇ ಬೀಟಿಗೆ "ಇಲ್ಲಿ." ಐದನೆಯದರಲ್ಲಿ ಮ್ಯೂಸಿಕ್ ವಾಪಸ್, ಜೊತೆಗೆ ಹೆಸರು ಮತ್ತು ದಿನಾಂಕ. ಆರನೆಯದರಲ್ಲಿ ಅಕ್ಷರ ಹಾಗೇ ಇದ್ದು ಕೊನೆಗೆ ಬೆಲ್.

"ಓಡಿಸೋದು ಸುಲಭ" ಪೂರ್ತಿ ಹೋಯಿತು. ಚಕ್ರ ಸಲೀಸಾಗಿ ತಿರುಗುವುದನ್ನು ತೋರಿಸಿದ ಮೇಲೆ ಆ ಸಾಲಿನ ಕೆಲಸವನ್ನು ಚಿತ್ರವೇ ಮಾಡುತ್ತದೆ. ಇಲ್ಲಿ "ಇಲ್ಲಿ" ಅನ್ನುವ ಪದಕ್ಕೆ ಇರುವುದು ಒಂದೇ ಬೀಟ್, 0.625 ಸೆಕೆಂಡು, ಎರಡು ಅಕ್ಷರಕ್ಕೆ ಸರಿಹೋಗುತ್ತದೆ. ಅದು ಜಾರಿ ಐದನೇ ಬಾರ್‌ನ ಪೆಟ್ಟಿಗೆ ಸಿಕ್ಕಿಕೊಂಡರೆ, ಪದವನ್ನು ಕಾಲು ಬೀಟಿನಷ್ಟು ಮುಂಚೆ ಸರಿಸಿ. ಮ್ಯೂಸಿಕ್ ಬರುವ ಜಾಗವನ್ನು ಮಾತ್ರ ಅಲುಗಿಸಬೇಡಿ.